ಅನ್ನದ ಬೆಲೆ, ಆಡಂಬರದ ಬೆಲೆ

ಸರಕಿನ ಬೆಲೆ ಏರಿದರೆ ಜನ ಅದನ್ನು ಕಡಿಮೆ ಕೊಳ್ಳುತ್ತಾರೆ, ಇಳಿದರೆ ಹೆಚ್ಚು ಕೊಳ್ಳುತ್ತಾರೆ. ಅರ್ಥಶಾಸ್ತ್ರದ ಪುಸ್ತಕಗಳು ಬೇಡಿಕೆಯ ನಿಯಮ ಎಂದು ಕರೆಯುವುದು ಇದನ್ನೇ. ಸಂತೆಗೆ ಹೋಗಿ ಬಂದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಆದರೆ ಅದೇ ಪುಸ್ತಕಗಳಲ್ಲಿ ಈ ನಿಯಮದ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಅಪವಾದಗಳು ನಮೂದಾಗಿರುತ್ತವೆ. ಮೊದಲನೆಯದು, ಬಡವರ ಮನೆಯ ಮುಖ್ಯ ಧಾನ್ಯದಂಥ ತೀರಾ ಅಗತ್ಯದ ವಸ್ತು. ಎರಡನೆಯದು, ಸಿರಿವಂತರ ಕೈಚೀಲ, ಗಡಿಯಾರಗಳಂಥ ಪ್ರತಿಷ್ಠೆಯ ವಸ್ತು. ಇವುಗಳ ಬೆಲೆ ಏರಿದಾಗ ಬೇಡಿಕೆಯೂ ಏರಬಹುದು ಎನ್ನುತ್ತದೆ ಪಠ್ಯ. ಎರಡನ್ನೂ ಅಕ್ಕಪಕ್ಕ ನಿಲ್ಲಿಸುವುದು ವಾಡಿಕೆಯಾದರೂ ಹೊರನೋಟದ ಹೋಲಿಕೆ ಬಿಟ್ಟರೆ ಅವುಗಳ ನಡುವೆ ನಂಟು ತೀರಾ ಕಡಿಮೆ. ಒಂದು ಕಡೆ ಕೊಳ್ಳುವವನ ಕೈ ಬರಿದಾಗುವುದು ಕಾರಣ, ಇನ್ನೊಂದು ಕಡೆ ನೋಡುವವರ ಕಣ್ಣು ಕಾರಣ. ಒಂದಕ್ಕೆ ಗಟ್ಟಿಯಾದ ಪುರಾವೆ ಸಿಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇನ್ನೊಂದಕ್ಕೆ ಅಷ್ಟೇ ಗಟ್ಟಿಯಾದ ಪುರಾವೆಯನ್ನು ಹುಡುಕುವುದು ಇಂದಿಗೂ ಕಷ್ಟ.

ಮೊದಲನೆಯ ಅಪವಾದಕ್ಕೆ ಗಿಫೆನ್ ಸರಕು ಎಂದು ಹೆಸರು. ಸ್ಕಾಟ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ಗಿಫೆನ್ 1837ರಲ್ಲಿ ಹುಟ್ಟಿ 1910ರಲ್ಲಿ ತೀರಿಕೊಂಡರು. ಈ ವಿಚಾರವನ್ನು ಅವರ ಹೆಸರಿಗೆ ಕಟ್ಟಿದವರು ಕೇಂಬ್ರಿಜ್‌ನ ಆಲ್ಫ್ರೆಡ್ ಮಾರ್ಷಲ್. ಅವರು ತಮ್ಮ ಪ್ರಸಿದ್ಧ ಅರ್ಥಶಾಸ್ತ್ರ ಗ್ರಂಥದ 1895ರ ಮೂರನೆಯ ಆವೃತ್ತಿಯಲ್ಲಿ ಇದನ್ನು ಸೇರಿಸಿದರು. ಇಂಗ್ಲೆಂಡಿನ ಬಡ ಕೂಲಿಕಾರರ ಮನೆಯಲ್ಲಿ ಬ್ರೆಡ್ಡಿನ ಬೆಲೆ ಏರಿದರೆ ಅವರ ಸಂಪಾದನೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಆಗ ಮಾಂಸ ಕೊಳ್ಳಲು ಹಣ ಉಳಿಯುವುದಿಲ್ಲ. ಮಾಂಸ ಬಿಟ್ಟ ಮೇಲೆ ಹೊಟ್ಟೆ ತುಂಬಿಸಬೇಕಾದದ್ದು ಬ್ರೆಡ್ಡೇ. ಹೀಗೆ ತುಟ್ಟಿಯಾದ ಬ್ರೆಡ್ಡನ್ನೇ ಅವರು ಮೊದಲಿಗಿಂತ ಹೆಚ್ಚು ಕೊಳ್ಳುತ್ತಾರೆ ಎಂಬುದು ಮಾರ್ಷಲ್ ಹೇಳಿದ್ದರ ತಿರುಳು. ವಿಚಿತ್ರವೆಂದರೆ, ಗಿಫೆನ್ ಇದನ್ನು ಎಲ್ಲಿ ಬರೆದಿದ್ದರೆಂದು ಮುಂದೆ ಹುಡುಕಿದವರಿಗೆ ಏನೂ ಸಿಗಲಿಲ್ಲ. 1947ರಲ್ಲಿ ಅಮೆರಿಕದ ಜಾರ್ಜ್ ಸ್ಟಿಗ್ಲರ್ ಈ ಕತೆಯ ಜಾಡು ಹಿಡಿದು ಒಂದು ಲೇಖನವನ್ನೇ ಬರೆದರು. ಹೆಸರು ಕೊಟ್ಟವನ ಬರಹದಲ್ಲೇ ಇಲ್ಲದ ವಿಚಾರವೊಂದು ಅವನ ಹೆಸರಿನಲ್ಲಿ ಉಳಿದುಕೊಂಡಿತು.

ಇದು ನಡೆಯುವುದು ಹೇಗೆ ಎಂಬುದನ್ನು ಒಂದು ಕಲ್ಪಿತ ಮನೆಯ ತಿಂಗಳ ಲೆಕ್ಕದಲ್ಲಿ ನೋಡಬಹುದು. ಆ ಮನೆಗೆ ಊಟಕ್ಕೆಂದು ಇರುವ ಹಣ ತಿಂಗಳಿಗೆ 3,060 ರೂಪಾಯಿ. ಅಕ್ಕಿ ಕಿಲೋಗೆ 30 ರೂಪಾಯಿ. ಮೊಟ್ಟೆ, ಮೀನು, ಬೇಳೆ, ತರಕಾರಿ ಎಲ್ಲ ಸೇರಿದ ಮೇಲೋಗರದ ಸಾಮಾನು ಸರಾಸರಿ ಕಿಲೋಗೆ 120 ರೂಪಾಯಿ. ಒಂದು ಕಿಲೋ ಮೇಲೋಗರದಿಂದ ಸಿಗುವ ಕ್ಯಾಲೊರಿ ಒಂದು ಕಿಲೋ ಅಕ್ಕಿಯಿಂದ ಸಿಗುವುದರ ಅರ್ಧ ಎಂದಿಟ್ಟುಕೊಳ್ಳೋಣ. ಮನೆಮಂದಿ ದುಡಿಯುವಷ್ಟು ಶಕ್ತಿ ಉಳಿಸಿಕೊಳ್ಳಲು ತಿಂಗಳಿಗೆ 60 ಕಿಲೋ ಅಕ್ಕಿಗೆ ಸಮನಾದ ಕ್ಯಾಲೊರಿ ಬೇಕೇ ಬೇಕು. ಅಷ್ಟನ್ನು ಪೂರೈಸಿದ ಮೇಲೆ ಸಾಧ್ಯವಾದಷ್ಟು ರುಚಿಯಾಗಿ ಉಣ್ಣಬೇಕೆಂಬುದು ಅವರ ಆಸೆ. ಹಾಗಿದ್ದರೆ ಅವರು 54 ಕಿಲೋ ಅಕ್ಕಿ, 12 ಕಿಲೋ ಮೇಲೋಗರ ಕೊಳ್ಳುತ್ತಾರೆ. ಅಕ್ಕಿಗೆ 1,620, ಮೇಲೋಗರಕ್ಕೆ 1,440, ಒಟ್ಟು 3,060. ಹಣವೂ ಸರಿಹೋಯಿತು, ಹೊಟ್ಟೆಯೂ ತುಂಬಿತು.

ಈಗ ಅಕ್ಕಿ ಕಿಲೋಗೆ 40 ರೂಪಾಯಿ ಆಯಿತು. ಹಿಂದಿನಷ್ಟೇ ಅಕ್ಕಿ, ಹಿಂದಿನಷ್ಟೇ ಮೇಲೋಗರ ಕೊಳ್ಳಬೇಕೆಂದರೆ 540 ರೂಪಾಯಿ ಕಡಿಮೆ ಬೀಳುತ್ತದೆ. ಅಷ್ಟನ್ನು ಎಲ್ಲಿಂದಲೋ ಕಡಿತ ಮಾಡಬೇಕು. ತುಟ್ಟಿಯಾದದ್ದು ಅಕ್ಕಿ, ಆದ್ದರಿಂದ ಅಕ್ಕಿಯನ್ನೇ ಕಡಿತ ಮಾಡಿದರೆ? ಕಡಿಮೆಯಾದ ಕ್ಯಾಲೊರಿಯನ್ನು ಮೇಲೋಗರದಿಂದ ತುಂಬಿಸಬೇಕಾಗುತ್ತದೆ. ಆದರೆ ಒಂದು ಕಿಲೋ ಅಕ್ಕಿ ಕೊಡುವ ಶಕ್ತಿಗೆ ಎರಡು ಕಿಲೋ ಮೇಲೋಗರ, ಎಂದರೆ 240 ರೂಪಾಯಿ ಬೇಕು. ಬೆಲೆ ಏರಿದ ಮೇಲೂ ಹೊಟ್ಟೆ ತುಂಬಿಸುವ ಅಗ್ಗದ ದಾರಿ ಅಕ್ಕಿಯೇ. ಹಾಗಾಗಿ ಕಡಿತ ಬೀಳುವುದು ಮೇಲೋಗರದ ಮೇಲೆ. ಲೆಕ್ಕ ಮಾಡಿದರೆ ಮೇಲೋಗರ 12 ಕಿಲೋದಿಂದ 6.6 ಕಿಲೋಗೆ ಇಳಿಯುತ್ತದೆ, ಅಕ್ಕಿ 54 ಕಿಲೋದಿಂದ 56.7 ಕಿಲೋಗೆ ಏರುತ್ತದೆ. ಅಕ್ಕಿಗೆ 2,268, ಮೇಲೋಗರಕ್ಕೆ 792, ಒಟ್ಟು ಮತ್ತೆ 3,060. ಬೆಲೆ ಹತ್ತು ರೂಪಾಯಿ ಏರಿದ್ದಕ್ಕೆ ಎರಡೂಮುಕ್ಕಾಲು ಕಿಲೋದಷ್ಟು ಹೆಚ್ಚು ಅಕ್ಕಿ. ಈ ಮನೆಯವರು ದಡ್ಡರಲ್ಲ, ದುಂದುಗಾರರೂ ಅಲ್ಲ. ಅವರ ಕೈಯಲ್ಲಿದ್ದ ಹಣಕ್ಕೆ ಇದಕ್ಕಿಂತ ಜಾಣ ವ್ಯವಹಾರ ಬೇರೆ ಇಲ್ಲ.

ಇದೇ ಲೆಕ್ಕವನ್ನು ಇನ್ನಷ್ಟು ಎಳೆದರೆ ಅಪವಾದದ ಎಲ್ಲೆಯೂ ಕಾಣುತ್ತದೆ. ಅಕ್ಕಿ 50 ರೂಪಾಯಿಗೆ ಬಂದಾಗ ಮೇಲೋಗರ ಅರ್ಧ ಕಿಲೋಗಿಂತ ತುಸು ಹೆಚ್ಚು, ಅಕ್ಕಿ 59 ಕಿಲೋಗಿಂತ ಮೇಲೆ. 51 ರೂಪಾಯಿ ಆದಾಗ ಇಡೀ ಹಣಕ್ಕೆ 60 ಕಿಲೋ ಅಕ್ಕಿ, ಮೇಲೋಗರ ಸೊನ್ನೆ. ಅದನ್ನೂ ದಾಟಿ 60 ರೂಪಾಯಿ ಆದರೆ? ಕಡಿತ ಮಾಡಲು ಬೇರೇನೂ ಉಳಿದಿಲ್ಲ. ಇದ್ದ ಹಣಕ್ಕೆ 51 ಕಿಲೋ ಅಕ್ಕಿ ಬರುತ್ತದೆ, ಮನೆಮಂದಿ ಅರೆಹೊಟ್ಟೆಯಲ್ಲಿರುತ್ತಾರೆ. ಬೇಡಿಕೆಯ ನಿಯಮ ಯಥಾಪ್ರಕಾರ ಮರಳಿ ಬಂದಿರುತ್ತದೆ. ಇತ್ತ ಮೇಲಿನ ತುದಿಯಲ್ಲಿ, ಅನುಕೂಲವಂತರ ಮನೆಯಲ್ಲಿ ಅಕ್ಕಿಯ ಬೆಲೆ ಹತ್ತು ರೂಪಾಯಿ ಏರಿದರೂ ಮೇಲೋಗರ ಕಡಿಮೆ ಮಾಡಬೇಕಾದ ಸಂಕಟವೇ ಬರುವುದಿಲ್ಲ. ಹಾಗಾಗಿ ಗಿಫೆನ್ ನಡವಳಿಕೆ ಕಾಣಬಹುದಾದದ್ದು ಬಡತನದ ಒಂದು ನಡುಪಟ್ಟಿಯಲ್ಲಿ ಮಾತ್ರ. ಬಡವರಾಗಿರಬೇಕು, ಆದರೆ ಬಿಟ್ಟುಕೊಡಲು ತಟ್ಟೆಯಲ್ಲಿ ಇನ್ನೂ ಏನಾದರೂ ಉಳಿದಿರಬೇಕು.

ಈ ಕುಣಿತವನ್ನು ಅರ್ಥಶಾಸ್ತ್ರ ಎರಡು ಭಾಗವಾಗಿ ಬಿಡಿಸುತ್ತದೆ. ರಷ್ಯಾದ ಯೂಜಿನ್ ಸ್ಲುಟ್ಸ್ಕಿ 1915ರಲ್ಲಿ ಈ ವಿಂಗಡಣೆ ಮಾಡಿದರು. 1934ರಲ್ಲಿ ಇಂಗ್ಲೆಂಡಿನ ಜಾನ್ ಹಿಕ್ಸ್ ಮತ್ತು ರಾಯ್ ಆಲೆನ್ ಸ್ವತಂತ್ರವಾಗಿ ಅಲ್ಲಿಗೇ ತಲುಪಿದರು. ಒಂದು ಸರಕು ತುಟ್ಟಿಯಾದಾಗ ಅದನ್ನು ಬಿಟ್ಟು ಬೇರೆಯದರ ಕಡೆ ಹೊರಳುವ ಸೆಳೆತ ಬದಲಿ ಪರಿಣಾಮ. ಅದೇ ಬೆಲೆ ಏರಿಕೆಯಿಂದ ಕೊಳ್ಳುವವನು ಒಟ್ಟಾರೆ ಬಡವನಾಗುವುದು ಆದಾಯ ಪರಿಣಾಮ. ಮೊದಲನೆಯದು ಯಾವಾಗಲೂ ತುಟ್ಟಿಯಾದ ಸರಕಿನಿಂದ ದೂರಕ್ಕೇ ಎಳೆಯುತ್ತದೆ. ಎರಡನೆಯದರ ದಿಕ್ಕು ಸರಕನ್ನು ಅವಲಂಬಿಸಿದೆ. ಕೈಯಲ್ಲಿ ಹಣ ಕಡಿಮೆಯಾದಾಗ ಹೆಚ್ಚು ಕೊಳ್ಳುವ ಸರಕನ್ನು ಕೆಳದರ್ಜೆಯ ಸರಕು ಎನ್ನುತ್ತಾರೆ. ಗುಣ ಕೆಟ್ಟದ್ದೆಂದಲ್ಲ, ಅನುಕೂಲ ಬಂದಾಗ ಜನ ಕೈಬಿಡುವಂಥದ್ದು ಎಂದಷ್ಟೇ. ಅಂಥ ಸರಕಿನ ಮೇಲೆ ಸಂಪಾದನೆಯ ದೊಡ್ಡ ಪಾಲು ಖರ್ಚಾಗುತ್ತಿದ್ದರೆ, ಅದಕ್ಕೆ ಹತ್ತಿರದ ಬದಲಿ ಸರಕು ಇಲ್ಲದಿದ್ದರೆ, ಆದಾಯ ಪರಿಣಾಮ ಬದಲಿ ಪರಿಣಾಮವನ್ನು ಮೀರಿಸುತ್ತದೆ. ಕೆಳದರ್ಜೆಯ ಸರಕುಗಳು ಬೇಕಾದಷ್ಟಿವೆ. ಇವೆಲ್ಲ ಷರತ್ತುಗಳೂ ಒಂದೇ ಕಡೆ ಕೂಡಿಬರುವುದು ಅಪರೂಪ.

ಇದಕ್ಕೊಂದು ಪರೀಕ್ಷೆಯೂ ಇದೆ. ಮೇಲಿನ ಮನೆಗೆ ಅಕ್ಕಿಯ ಬೆಲೆ 40 ಆದಾಗ ಕಡಿಮೆ ಬಿದ್ದ 540 ರೂಪಾಯಿಯನ್ನು ಯಾರಾದರೂ ಕೊಟ್ಟರೆ ಏನಾಗುತ್ತದೆ? ಆಗ ಅವರ ಕೈಯಲ್ಲಿ 3,600 ರೂಪಾಯಿ. ಅವರು ಹಳೆಯ 54 ಕಿಲೋ ಅಕ್ಕಿ, 12 ಕಿಲೋ ಮೇಲೋಗರಕ್ಕೇ ಮರಳುತ್ತಾರೆ. ಬೆಲೆ ಏರಿದ್ದರಿಂದ ಹೆಚ್ಚಾಗಿದ್ದ ಬೇಡಿಕೆ ಆ ಹಣ ಬಂದೊಡನೆ ಮಾಯವಾಗುತ್ತದೆ. ತುಟ್ಟಿ ಅಕ್ಕಿಯ ಮೇಲೆ ಅವರಿಗೆ ಮೋಹವೇನೂ ಹುಟ್ಟಿರಲಿಲ್ಲ, ಅವರು ಬಡವರಾಗಿದ್ದರು ಅಷ್ಟೆ.

ಕಾಗದದ ಮೇಲೆ ಇಷ್ಟು ಸೊಗಸಾದ ವಿಚಾರಕ್ಕೆ ನಿಜ ಬದುಕಿನಲ್ಲಿ ಉದಾಹರಣೆ ಎಲ್ಲಿ? ಬಹುಕಾಲ ಪಠ್ಯಪುಸ್ತಕಗಳು ಕೊಡುತ್ತಿದ್ದ ಉದಾಹರಣೆ ಐರ್ಲೆಂಡಿನ ಆಲೂಗಡ್ಡೆ. 1845ರಲ್ಲಿ ಅಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ಬಂತು, ಮುಂದಿನ ವರ್ಷ ಬೆಳೆ ಬಹುತೇಕ ನಾಶವಾಯಿತು, ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಬೆಲೆ ಏರಿದಾಗ ಬಡವರು ಆಲೂಗಡ್ಡೆಯನ್ನೇ ಹೆಚ್ಚು ತಿಂದರು ಎಂಬ ಮಾತು 1960ರ ದಶಕದಲ್ಲಿ ಪಾಲ್ ಸ್ಯಾಮುಯೆಲ್ಸನ್ ಅವರ ಜನಪ್ರಿಯ ಪಠ್ಯಪುಸ್ತಕದ ಮೂಲಕ ಲೋಕವೆಲ್ಲ ಹಬ್ಬಿತು. ಸ್ವಲ್ಪ ಯೋಚಿಸಿದರೆ ಇದು ಸಾಧ್ಯವೇ ಇಲ್ಲದ ಸಂಗತಿ. ಬೆಲೆ ಏರಿದ್ದೇ ಗಡ್ಡೆ ಇಲ್ಲದ್ದರಿಂದ. ನೆಲದಲ್ಲಿ ಕೊಳೆತುಹೋದದ್ದನ್ನು ಒಂದು ದೇಶದ ಜನ ಮೊದಲಿಗಿಂತ ಹೆಚ್ಚು ತಿನ್ನುವುದು ಹೇಗೆ? ಮೇಲಾಗಿ ಅಲ್ಲಿನ ಬಡವರಲ್ಲಿ ಬಹಳ ಮಂದಿ ಆಲೂಗಡ್ಡೆಯನ್ನು ಕೊಂಡು ತಿನ್ನುವವರಲ್ಲ, ತುಂಡು ನೆಲದಲ್ಲಿ ತಾವೇ ಬೆಳೆದು ತಿನ್ನುವವರು. 1984ರಲ್ಲಿ ಜೆರಾಲ್ಡ್ ಡ್ವಯರ್ ಮತ್ತು ಕಾಟನ್ ಲಿಂಡ್ಸೆ ಈ ಉದಾಹರಣೆ ನಿಲ್ಲುವುದಿಲ್ಲವೆಂದು ತೋರಿಸಿಕೊಟ್ಟರು. ಆದರೂ ಅದು ಅಲ್ಲಲ್ಲಿ ತರಗತಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಒಳ್ಳೆಯ ಕತೆಗೆ ಆಯುಸ್ಸು ಜಾಸ್ತಿ.

ಮೊದಲ ಖಚಿತ ಉದಾಹರಣೆ ಸಿಕ್ಕಿದ್ದು ಇಲಿಗಳಲ್ಲಿ ಎಂದರೆ ನಗು ಬರಬಹುದು. ಅಮೆರಿಕದ ರೇಮಂಡ್ ಬಟಾಲಿಯೊ, ಜಾನ್ ಕೇಗಲ್ ಮತ್ತು ಕಾರ್ಲ್ ಕೋಗಟ್ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳು ಸನ್ನೆಕೋಲು ಒತ್ತಿ ಪಾನೀಯ ಪಡೆಯಬೇಕಿತ್ತು. ದಿನಕ್ಕೆ ಇಂತಿಷ್ಟೇ ಒತ್ತುವ ಅವಕಾಶ, ಅದೇ ಅವುಗಳ ಸಂಪಾದನೆ. ಒಂದು ಕೋಲಿಗೆ ಇಲಿಗಳು ಇಷ್ಟಪಡುವ ಸಿಹಿ ಪಾನೀಯ, ಆದರೆ ಒಂದು ಒತ್ತಿಗೆ ಸ್ವಲ್ಪವೇ ಬರುತ್ತದೆ. ಇನ್ನೊಂದಕ್ಕೆ ಕ್ವಿನೈನ್ ಬೆರೆಸಿದ ಕಹಿ ನೀರು, ಅದು ಅಗ್ಗ. ಕಹಿ ನೀರನ್ನು ತುಟ್ಟಿ ಮಾಡಿದಾಗ ಬಡ ಇಲಿಗಳು ಸಿಹಿಯನ್ನು ಕಡಿಮೆ ಮಾಡಿ ಕಹಿಯನ್ನೇ ಹೆಚ್ಚು ಕುಡಿದವು. ಬಾಯಾರಿಕೆ ತೀರಲೇಬೇಕಲ್ಲ.

ಮನುಷ್ಯರ ವಿಷಯದಲ್ಲಿ ಮನವೊಪ್ಪುವ ಪುರಾವೆ ಬಂದದ್ದು ಚೀನಾದಿಂದ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ 2006ರಲ್ಲಿ ಹುನಾನ್ ಮತ್ತು ಗಾನ್ಸು ಎಂಬ ಎರಡು ಪ್ರಾಂತಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅವರು ಆರಿಸಿಕೊಂಡದ್ದು ಪಟ್ಟಣಗಳ ಬಡ ಕುಟುಂಬಗಳನ್ನು, ಎರಡೂ ಪ್ರಾಂತ ಸೇರಿ ಸುಮಾರು 1,300. ಹಳ್ಳಿಯವರನ್ನು ಬಿಟ್ಟದ್ದಕ್ಕೆ ಒಳ್ಳೆಯ ಕಾರಣವಿದೆ. ಬೆಳೆಯುವವನಿಗೆ ಧಾನ್ಯದ ಬೆಲೆ ಏರಿದರೆ ಖರ್ಚಿನ ಜೊತೆಗೆ ಆದಾಯವೂ ಏರುತ್ತದೆ, ಲೆಕ್ಕ ಕಲಸಿಹೋಗುತ್ತದೆ. ದಕ್ಷಿಣದ ಹುನಾನ್ ಅನ್ನ ಉಣ್ಣುವ ಸೀಮೆ, ವಾಯವ್ಯದ ಗಾನ್ಸು ಗೋಧಿಯ ಸೀಮೆ. ಅದಕ್ಕೆ ತಕ್ಕಂತೆ ಅಲ್ಲಿ ಅಕ್ಕಿಯ ಮೇಲೆ, ಇಲ್ಲಿ ಗೋಧಿ ಹಿಟ್ಟಿನ ಮೇಲೆ ಸಹಾಯಧನ ಕೊಟ್ಟರು.

ಪ್ರಯೋಗದ ಜಾಣತನ ಇರುವುದು ಬೆಲೆಯನ್ನು ಬದಲಿಸಿದ ರೀತಿಯಲ್ಲಿ. ಮಾರುಕಟ್ಟೆಯ ಬೆಲೆ ತಾನಾಗಿ ಏರಿಳಿಯುವುದನ್ನು ಕಾದು ಕುಳಿತರೆ ಅದರ ಜೊತೆಗೆ ಬೆಳೆ, ಕೂಲಿ, ಹಬ್ಬ, ಹವಾಮಾನ ಎಲ್ಲವೂ ಬದಲಾಗಿರುತ್ತವೆ. ಯಾವುದಕ್ಕೆ ಯಾವುದು ಕಾರಣ ಎಂದು ಹೇಳಲಾಗದು. ಅದಕ್ಕೆ ಅವರು ಚೀಟಿ ಎತ್ತಿದಂತೆ ಕೆಲವು ಕುಟುಂಬಗಳನ್ನು ಆರಿಸಿ ರಿಯಾಯಿತಿ ಕೂಪನ್ನುಗಳನ್ನು ಹಂಚಿದರು. ಅಕ್ಕಪಕ್ಕದ ಇನ್ನು ಕೆಲವು ಕುಟುಂಬಗಳಿಗೆ ಕೂಪನ್ ಇಲ್ಲ, ಅವು ಹೋಲಿಕೆಗಾಗಿ. ಅಲ್ಲಿ ಧಾನ್ಯ ಕೊಳ್ಳುವ ಅಳತೆ ಜಿನ್, ಎಂದರೆ ಅರ್ಧ ಕಿಲೋ. ಆಗ ಅಕ್ಕಿಯ ಬೆಲೆ ಒಂದು ಜಿನ್‌ಗೆ ಸರಿಸುಮಾರು 1.2 ಯುವಾನ್. ಕೂಪನ್ನಿನ ರಿಯಾಯಿತಿ ಜಿನ್‌ಗೆ 0.10, 0.20 ಅಥವಾ 0.30 ಯುವಾನ್, ಯಾರಿಗೆ ಎಷ್ಟೆಂಬುದೂ ಚೀಟಿಯ ಲೆಕ್ಕವೇ. ರಿಯಾಯಿತಿ ಐದು ತಿಂಗಳು ನಡೆಯಿತು. ಅದಕ್ಕೆ ಮೊದಲು ಒಮ್ಮೆ, ನಡುವೆ ಒಮ್ಮೆ, ಅದು ನಿಂತ ಮೇಲೆ ಒಮ್ಮೆ ಮನೆಮನೆಗೆ ಹೋಗಿ ಹಿಂದಿನ ಇಪ್ಪತ್ನಾಲ್ಕು ಗಂಟೆಯಲ್ಲಿ ಪ್ರತಿಯೊಬ್ಬರೂ ತಿಂದದ್ದನ್ನು ಬರೆದುಕೊಂಡರು. ಕೊಂಡದ್ದನ್ನಲ್ಲ, ತಿಂದದ್ದನ್ನು. ಅಕ್ಕಿ ಅಗ್ಗವಾದಾಗ ಜನ ಡಬ್ಬಿ ತುಂಬಿಟ್ಟುಕೊಂಡಿರಬಹುದು ಎಂಬ ಅನುಮಾನಕ್ಕೆ ಇದರಿಂದ ಉತ್ತರ ಸಿಕ್ಕಿತು.

ಹುನಾನ್‌ನಲ್ಲಿ ಕಂಡದ್ದು ಸ್ಪಷ್ಟವಾಗಿತ್ತು. ಅಕ್ಕಿ ಅಗ್ಗವಾದ ಮನೆಗಳಲ್ಲಿ ಅನ್ನ ಉಣ್ಣುವುದು ಕಡಿಮೆಯಾಯಿತು. ರಿಯಾಯಿತಿ ನಿಂತು ಬೆಲೆ ಹಳೆಯ ಮಟ್ಟಕ್ಕೆ ಏರಿದಾಗ ಅನ್ನ ಉಣ್ಣುವುದು ಹೆಚ್ಚಾಯಿತು. ಬೆಲೆ ಶೇ 1ರಷ್ಟು ಏರಿದರೆ ಸೇವನೆ ಸುಮಾರು ಶೇ 0.2ರಷ್ಟು ಏರುತ್ತಿತ್ತು. ಸಣ್ಣ ಅಂಕಿಯೇ, ಆದರೆ ದಿಕ್ಕು ಬೇಡಿಕೆಯ ನಿಯಮಕ್ಕೆ ನೇರ ವಿರುದ್ಧ. ಇನ್ನೂ ಸ್ವಾರಸ್ಯದ ಸಂಗತಿ, ಬಡವರಲ್ಲೇ ಕಂಡ ಭೇದ. ತಿನ್ನುವ ಕ್ಯಾಲೊರಿಯಲ್ಲಿ ಶೇ 80ಕ್ಕಿಂತ ಹೆಚ್ಚು ಮುಖ್ಯ ಧಾನ್ಯದಿಂದಲೇ ಬರುತ್ತಿದ್ದ ಕಡುಬಡವರಲ್ಲಿ ಈ ನಡವಳಿಕೆ ಕಾಣಲಿಲ್ಲ. ಅಕ್ಕಿ ಅಗ್ಗವಾದಾಗ ಅವರು ಎಲ್ಲರಂತೆ ಹೆಚ್ಚು ಉಂಡರು. ಮೊದಲಿನಿಂದಲೂ ಅರೆಹೊಟ್ಟೆಯಲ್ಲಿದ್ದವರಿಗೆ ಬೇಕಾಗಿದ್ದದ್ದು ಅನ್ನವೇ. ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದ ಬಡವರಲ್ಲಿ ಗಿಫೆನ್ ನಡವಳಿಕೆ ಹೆಚ್ಚು ಬಲವಾಗಿತ್ತು. ಮೇಲಿನ ಲೆಕ್ಕದಲ್ಲಿ 51 ರೂಪಾಯಿಯಲ್ಲಿ ಕಂಡ ಎಲ್ಲೆ ಇದೇ. ಗಾನ್ಸುವಿನ ಗೋಧಿಯಲ್ಲಿ ಪುರಾವೆ ಇಷ್ಟು ಗಟ್ಟಿಯಿರಲಿಲ್ಲ. ತೀರಾ ಬಡವರನ್ನೂ ತುಸು ಅನುಕೂಲವಿದ್ದವರನ್ನೂ ಬದಿಗಿಟ್ಟಾಗ ಮಾತ್ರ ಅದರ ಛಾಯೆ ಕಾಣಿಸಿತು.

ಈ ಪ್ರಯೋಗದ ಇನ್ನೊಂದು ಫಲಿತಾಂಶ ಆಡಳಿತಗಾರರಿಗೆ ಸಂಬಂಧಿಸಿದ್ದು. ಧಾನ್ಯವನ್ನು ಅಗ್ಗ ಮಾಡಿದರೆ ಬಡವರ ಪೌಷ್ಟಿಕತೆ ತಾನಾಗಿ ಸುಧಾರಿಸುತ್ತದೆ ಎಂಬುದು ಎಲ್ಲರ ಎಣಿಕೆ. ಅದೇ ಇಬ್ಬರು 2011ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನದಲ್ಲಿ, ರಿಯಾಯಿತಿಯಿಂದ ಪೌಷ್ಟಿಕತೆ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲವೆಂದು ವರದಿ ಮಾಡಿದರು. ಉಳಿದ ಹಣ ರುಚಿಯ ಕಡೆಗೆ ಹೋಗಿತ್ತು. ಇದನ್ನು ಬಡವರ ತಪ್ಪೆನ್ನಲಾಗದು. ದಿನವೂ ಒಂದೇ ಅನ್ನ ಉಣ್ಣುವವರಿಗೆ ಒಂದು ತುಂಡು ಮಾಂಸ ಬೇಕೆನಿಸುವುದು ಸಹಜ. ಆದರೆ ಇದನ್ನು ಹಾಗೆಯೇ ಕರ್ನಾಟಕಕ್ಕೆ ತಂದು ಅಂಟಿಸುವುದು ತಪ್ಪಾದೀತು. 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಬಂದಾಗ ಬಡ ಕುಟುಂಬಗಳಿಗೆ ಕಿಲೋಗೆ ಒಂದು ರೂಪಾಯಿಯಂತೆ ಸಿಕ್ಕ ಅಕ್ಕಿಗೆ ಇಂತಿಷ್ಟೇ ಎಂಬ ಮಿತಿಯಿತ್ತು. ಮಿತಿ ಮೀರಿ ಬೇಕಾದದ್ದನ್ನು ಅಂಗಡಿಯ ಬೆಲೆಗೇ ಕೊಳ್ಳಬೇಕು. ಹೀಗಾಗಿ ಹೆಚ್ಚು ಅಕ್ಕಿ ಕೊಳ್ಳುವ ಮನೆಗೆ ಅದು ಬೆಲೆ ಇಳಿಕೆಗಿಂತ ಕೈಗೆ ಹಣ ಕೊಟ್ಟಂತೆಯೇ. ಅದಲ್ಲದೆ ಇಲ್ಲಿ ರಾಗಿ ತುಟ್ಟಿಯಾದರೆ ಅಕ್ಕಿ, ಅಕ್ಕಿ ತುಟ್ಟಿಯಾದರೆ ಜೋಳ, ಗೋಧಿ ಎಂದು ಹೊರಳಲು ದಾರಿಗಳಿವೆ. ಬದಲಿ ಧಾನ್ಯ ಇರುವ ಕಡೆ ಗಿಫೆನ್ ನಡವಳಿಕೆ ಬೇರೂರುವುದು ಕಷ್ಟ.

ಪ್ರತಿಷ್ಠೆಯ ಸರಕಿನ ಕತೆ ಬೇರೆ. ಅದಕ್ಕೆ ಹೆಸರು ಕೊಟ್ಟವರು ಥಾರ್‌ಸ್ಟೈನ್ ವೆಬ್ಲೆನ್, ನಾರ್ವೆಯಿಂದ ವಲಸೆ ಬಂದ ರೈತ ಕುಟುಂಬದಲ್ಲಿ 1857ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದವರು. 1899ರಲ್ಲಿ ಬಂದ ಅವರ ಪುಸ್ತಕ ದುಡಿಯದೆ ಉಣ್ಣುವ ವರ್ಗವನ್ನು ನಿರ್ದಾಕ್ಷಿಣ್ಯವಾಗಿ ಗೇಲಿ ಮಾಡಿತು. ಅದರಲ್ಲೊಂದು ಚಮಚದ ಉದಾಹರಣೆಯಿದೆ. ಕೈಯಿಂದ ಮಾಡಿದ ಬೆಳ್ಳಿಯ ಚಮಚಕ್ಕೆ ಹತ್ತಿಪ್ಪತ್ತು ಡಾಲರ್, ಯಂತ್ರದಲ್ಲಿ ಮಾಡಿದ ಅಲ್ಯುಮಿನಿಯಂ ಚಮಚಕ್ಕೆ ಹತ್ತಿಪ್ಪತ್ತು ಸೆಂಟ್. ಬಾಯಿಗೆ ಸೂಪು ಮುಟ್ಟಿಸುವ ಕೆಲಸದಲ್ಲಿ ಎರಡಕ್ಕೂ ಹೆಚ್ಚಿನ ಭೇದವಿಲ್ಲ. ಆದರೂ ಬೆಳ್ಳಿಯದು ಸುಂದರವಾಗಿ ಕಾಣುವುದು ಬಹುಮಟ್ಟಿಗೆ ಅದು ತುಟ್ಟಿ ಎಂದು ತಿಳಿದಿರುವುದರಿಂದ ಎಂಬುದು ವೆಬ್ಲೆನ್ ಅವರ ವಾದ. ಸಂಪತ್ತು ಇದ್ದರೆ ಸಾಲದು, ಅದು ಕಾಣಬೇಕು. ಕಾಣಿಸುವ ಖಚಿತ ದಾರಿ ಹಣವನ್ನು ಎಲ್ಲರೆದುರು ಪೋಲು ಮಾಡುವುದು.

ಇಷ್ಟಾದರೂ ಬೆಲೆ ಏರಿದರೆ ಬೇಡಿಕೆ ಏರುತ್ತದೆ ಎಂಬ ರೇಖೆಯನ್ನು ಎಳೆದವರು ವೆಬ್ಲೆನ್ ಅಲ್ಲ. ಆ ಕೆಲಸ ಮಾಡಿದವರು ಹಾರ್ವಿ ಲೈಬನ್‌ಸ್ಟೈನ್, 1950ರಲ್ಲಿ. ಅವರು ಒಂದು ಸರಕಿಗೆ ಎರಡು ಬೆಲೆಗಳಿವೆ ಎಂದರು. ಕೊಳ್ಳುವವನು ನಿಜವಾಗಿ ತೆತ್ತದ್ದು ಒಂದು, ಅವನು ತೆತ್ತಿರಬೇಕೆಂದು ಲೋಕ ಊಹಿಸುವುದು ಇನ್ನೊಂದು. ಪ್ರತಿಷ್ಠೆ ಬರುವುದು ಎರಡನೆಯದರಿಂದ. ನಿಜವಾಗಿ ತೆರುವ ಬೆಲೆ ಏರಿದರೆ ಈ ಕೊಳ್ಳುಗನೂ ಎಲ್ಲರಂತೆ ಹಿಂಜರಿಯುತ್ತಾನೆ. ಲೋಕ ಊಹಿಸುವ ಬೆಲೆ ಏರಿದರೆ ಮುಂದೆ ಬರುತ್ತಾನೆ. ಸಾಮಾನ್ಯವಾಗಿ ಎರಡೂ ಒಟ್ಟಿಗೇ ಏರುವುದರಿಂದ ಯಾವ ಸೆಳೆತ ಗೆಲ್ಲುತ್ತದೆ ಎಂಬುದೇ ಪ್ರಶ್ನೆ. ಬೆಲೆ ತೀರಾ ಕಡಿಮೆಯಿದ್ದಾಗ ಆ ವಸ್ತು ಯಾರ ಪ್ರತಿಷ್ಠೆಯನ್ನೂ ಹೆಚ್ಚಿಸುವುದಿಲ್ಲ. ತೀರಾ ಹೆಚ್ಚಾದಾಗ ಯಾರ ಕೈಗೂ ಎಟುಕುವುದಿಲ್ಲ. ರೇಖೆ ಮೇಲಕ್ಕೆ ತಿರುಗುವುದಿದ್ದರೆ ನಡುವೆ ಎಲ್ಲೋ ಒಂದಿಷ್ಟು ದೂರ ಮಾತ್ರ.

ಈ ಎರಡು ಬೆಲೆಗಳ ಭೇದ ಗಿಫೆನ್ ಮನೆಗೂ ವೆಬ್ಲೆನ್ ಮನೆಗೂ ಇರುವ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. ಬಡವನಿಗೆ ಗುಟ್ಟಾಗಿ ಅಗ್ಗದ ಅಕ್ಕಿ ಕೊಟ್ಟರೂ ಬಹಿರಂಗವಾಗಿ ಕೊಟ್ಟರೂ ಅವನು ಉಣ್ಣುವುದು ಒಂದೇ ಪ್ರಮಾಣ. ಸಿರಿವಂತನಿಗೆ ಹಾಗಲ್ಲ. ಹೆಸರಾಂತ ಕೈಚೀಲ ಗುಟ್ಟಾಗಿ ಅರ್ಧ ಬೆಲೆಗೆ ಸಿಕ್ಕರೆ ಅವನು ಕುಣಿದಾಡುತ್ತಾನೆ. ಅದೇ ಅರ್ಧ ಬೆಲೆಯನ್ನು ಅಂಗಡಿಯ ಗಾಜಿನ ಮೇಲೆ ಬರೆದು ಹಾಕಿದರೆ ಅವನ ಆಸಕ್ತಿ ಇಳಿಯುತ್ತದೆ. ಇತ್ತ ಬೆಲೆ ಏರಿಕೆಯಿಂದಾದ ನಷ್ಟವನ್ನು ಕೈಗೆ ಕೊಟ್ಟರೆ ಬಡವನ ಹೆಚ್ಚುವರಿ ಬೇಡಿಕೆ ಅಳಿಸಿಹೋಗುತ್ತದೆ, ಪ್ರತಿಷ್ಠೆ ಬಯಸುವವನದು ಅಳಿಸುವುದಿಲ್ಲ.

ದುಬಾರಿ ಹೆಸರುಗಳ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಬ್ರಿಟನ್ನಿನ ಬರ್ಬೆರಿ ಕಂಪನಿ 2018ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಮಾರಾಟವಾಗದೆ ಉಳಿದ ಸುಮಾರು 2.86 ಕೋಟಿ ಪೌಂಡ್ ಬೆಲೆಯ ಬಟ್ಟೆಬರೆ, ಸುಗಂಧದ್ರವ್ಯಗಳನ್ನು ನಾಶ ಮಾಡಿದ್ದು ಅದರ ವಾರ್ಷಿಕ ವರದಿಯಿಂದ ಹೊರಬಿತ್ತು. ಅಗ್ಗಕ್ಕೆ ಮಾರಿದರೆ ಬರಬಹುದಾಗಿದ್ದ ಹಣಕ್ಕಿಂತ, ಹೆಸರು ಅಗ್ಗವಾಗುವ ನಷ್ಟ ದೊಡ್ಡದೆಂಬುದು ಇಂಥ ಲೆಕ್ಕಾಚಾರದ ಹಿಂದಿನ ತರ್ಕ. ಜನರ ಆಕ್ರೋಶ ಎದ್ದ ಮೇಲೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ಆ ಪದ್ಧತಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ಆದರೆ ಕಂಪನಿ ಹೀಗೆ ನಡೆದುಕೊಂಡಿತು ಎಂಬುದು ಬೇಡಿಕೆಯ ರೇಖೆ ಮೇಲಕ್ಕೆ ಹೋಗುತ್ತದೆ ಎಂಬುದಕ್ಕೆ ಪುರಾವೆಯಲ್ಲ. ಬೆಲೆ ಏರಿಸಿದ ವರ್ಷವೇ ಜಾಹೀರಾತು ಹೆಚ್ಚಿರುತ್ತದೆ, ಹೊಸ ನಮೂನೆ ಬಂದಿರುತ್ತದೆ, ಸಿರಿವಂತರ ಸಂಖ್ಯೆಯೇ ಬೆಳೆದಿರುತ್ತದೆ. ಆಗ ಇಡೀ ರೇಖೆ ಬಲಕ್ಕೆ ಸರಿದಿರುತ್ತದೆ, ತಿರುಗಿರುವುದಿಲ್ಲ. ಚೀನಾದಲ್ಲಿ ಅಕ್ಕಿಗೆ ಮಾಡಿದಂತೆ ಮನೆಮನೆಗೆ ಕೂಪನ್ ಹಂಚಿ ಪರೀಕ್ಷಿಸೋಣವೆಂದರೆ, ಕೂಪನ್ ಬದಲಿಸುವುದು ನಿಜವಾಗಿ ತೆರುವ ಬೆಲೆಯನ್ನು ಮಾತ್ರ. ಲೋಕ ಊಹಿಸುವ ಬೆಲೆ ಇದ್ದಲ್ಲೇ ಇರುತ್ತದೆ. ವೆಬ್ಲೆನ್ ಸರಕಿಗೆ ಗಿಫೆನ್ ಸರಕಿನಷ್ಟು ನೇರವಾದ ಪರೀಕ್ಷೆ ಕಷ್ಟವಾಗಿರುವುದು ಇದಕ್ಕೇ.

ಇವೆರಡರ ವೇಷ ಹಾಕಿ ಬರುವ ಬೇರೆ ಸಂಗತಿಗಳೂ ಇವೆ. ಬಂಗಾರದ ಬೆಲೆ ಏರುತ್ತಿದ್ದಂತೆ ಕೆಲವರು ಅಂಗಡಿಗೆ ಧಾವಿಸುತ್ತಾರೆ, ಬೆಂಗಳೂರಿನ ಅಂಚಿನಲ್ಲಿ ಸೈಟಿನ ಬೆಲೆ ಏರಿದಷ್ಟೂ ವಿಚಾರಿಸುವವರು ಹೆಚ್ಚುತ್ತಾರೆ. ಇದನ್ನು ಕಂಡು ಬೇಡಿಕೆಯ ನಿಯಮ ಮುರಿಯಿತೆನ್ನುವವರಿದ್ದಾರೆ. ನಾಳೆ ಇನ್ನೂ ಏರುತ್ತದೆ ಎಂದು ನಂಬಿದವನ ಪಾಲಿಗೆ ಇಂದಿನ ಬೆಲೆ ಅಗ್ಗವೇ. ಅವನು ನಿಯಮವನ್ನು ಪಾಲಿಸುತ್ತಿದ್ದಾನೆ. ಏರಿಕೆ ನಿಂತಿತೆಂದು ತಿಳಿದ ದಿನ ಅವನೂ ನಿಲ್ಲುತ್ತಾನೆ. ಮದುವೆಗೆ ಒಡವೆ ಮಾಡಿಸುವವರಾದರೋ ಬೆಲೆ ಏರಿದಾಗ ಕಡಿಮೆ ತೂಕದ ಸರಕ್ಕೆ ಇಳಿಯುತ್ತಾರೆ. ಇನ್ನೊಂದು ವೇಷ, ಬೆಲೆಯನ್ನೇ ಗುಣದ ಗುರುತೆಂದು ಹಿಡಿಯುವುದು. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಒಂದೇ ದ್ರಾಕ್ಷಾರಸವನ್ನು ಒಮ್ಮೆ 10 ಡಾಲರಿನದೆಂದೂ ಒಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದಾಗ ಜನ ಎರಡನೆಯದು ಹೆಚ್ಚು ರುಚಿ ಎಂದರು. ಇಲ್ಲಿ ಮೆಚ್ಚಿಸಬೇಕಾದ ನೋಡುಗರು ಯಾರೂ ಇಲ್ಲ. ಗುಣ ಗೊತ್ತಿಲ್ಲದವನಿಗೆ ಬೆಲೆ ದಾರಿ ತೋರಿಸಿತು, ಅಷ್ಟೇ.

ಪ್ರತಿಷ್ಠೆಯ ಸರಕಿಗೆ ತೆರಿಗೆ ಹಾಕುವ ವಿಷಯದಲ್ಲಿ ಈ ಭೇದಗಳು ಹಣದ ರೂಪದಲ್ಲೇ ಎದುರಾಗುತ್ತವೆ. ಸರಕು ನಿಜವಾಗಿಯೂ ವೆಬ್ಲೆನ್ ಜಾತಿಯದಾದರೆ ತೆರಿಗೆಯಿಂದ ಕೊಳ್ಳುವವನಿಗೆ ನೋವಿಲ್ಲ. ಅವನಿಗೆ ಬೇಕಾದದ್ದೇ ದೊಡ್ಡ ಬೆಲೆ, ಅದರಲ್ಲೊಂದು ಪಾಲು ಕಂಪನಿಯ ಬದಲು ಸರ್ಕಾರಕ್ಕೆ ಹೋದರೆ ಅವನಿಗೇನು? ಲಾರಿ ಬ್ಯಾಗ್‌ವೆಲ್ ಮತ್ತು ಡಗ್ಲಸ್ ಬರ್ನ್‌ಹೈಮ್ 1996ರಲ್ಲಿ ಈ ತರ್ಕವನ್ನು ಗಣಿತದಲ್ಲಿ ಬಿಡಿಸಿಟ್ಟರು, ಅದು ಯಾವ ಷರತ್ತುಗಳಲ್ಲಿ ಮಾತ್ರ ನಿಲ್ಲುತ್ತದೆ ಎಂಬುದನ್ನೂ ಸೇರಿಸಿ. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಅಮೆರಿಕ ಸರ್ಕಾರ ತಾನಾಗಿಯೇ ಒಂದು ಪರೀಕ್ಷೆ ಮಾಡಿತ್ತು. 1990ರ ಕಾಯ್ದೆಯೊಂದರ ಮೂಲಕ, 1991ರ ಜನವರಿಯಿಂದ ಒಂದು ಲಕ್ಷ ಡಾಲರ್ ಮೀರಿದ ವಿಹಾರ ದೋಣಿಗಳ ಹೆಚ್ಚುವರಿ ಬೆಲೆಯ ಮೇಲೆ ಶೇ 10 ತೆರಿಗೆ ಬಂತು. ದುಬಾರಿ ಕಾರು, ಒಡವೆ, ತುಪ್ಪಳಗಳ ಮೇಲೂ ಬೇರೆ ಬೇರೆ ಮಿತಿಗಳಲ್ಲಿ ಬಂತು. ದೋಣಿಗಳ ಮಾರಾಟ ಕುಸಿಯಿತು, ದೋಣಿ ಕಟ್ಟುವ ಕೆಲಸಗಾರರು ಬೀದಿಗೆ ಬಿದ್ದರು. ಅದೇ ಹೊತ್ತಿಗೆ ಆರ್ಥಿಕ ಹಿಂಜರಿತವೂ ಇದ್ದದ್ದರಿಂದ ಕುಸಿತದಲ್ಲಿ ತೆರಿಗೆಯ ಪಾಲೆಷ್ಟು ಎಂಬ ವಾದ ಉಳಿದುಕೊಂಡಿತು. ಆದರೆ ದೋಣಿ ಕೊಳ್ಳುವವರು ಹೆಚ್ಚಿದ ಬೆಲೆಯನ್ನು ಹೆಮ್ಮೆಯ ಗುರುತೆಂದು ಸ್ವಾಗತಿಸಿದ ಲಕ್ಷಣವೇನೂ ಕಾಣಲಿಲ್ಲ. ತೆರಿಗೆ ಕೊಡದೆ ಹಣ ಖರ್ಚು ಮಾಡುವ ದಾರಿಗಳು ಅವರಿಗೆ ಬೇಕಾದಷ್ಟಿದ್ದವು, ಹಳೆಯ ದೋಣಿಯಲ್ಲೇ ಇನ್ನೆರಡು ವರ್ಷ ಕಳೆಯುವುದೂ ಅದರಲ್ಲೊಂದು. 1993ರಲ್ಲಿ ದೋಣಿ, ಒಡವೆ, ತುಪ್ಪಳಗಳ ಮೇಲಿನ ತೆರಿಗೆಯನ್ನು ಅಮೆರಿಕದ ಸಂಸತ್ತು ರದ್ದು ಮಾಡಿತು. ಕಾರುಗಳ ಮೇಲಿನದನ್ನು ಮಾತ್ರ ಇನ್ನೂ ಕೆಲವು ವರ್ಷ ಉಳಿಸಿಕೊಂಡಿತು.